1-0-0 ಅಂದರೆ ಬೆಳಗ್ಗೆ, ಆದರೆ ಯಾವ ಬೆಳಗ್ಗೆ?

ತೀರ್ಥಹಳ್ಳಿ ಕಡೆಯ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಚೀಟಿ ಕೈಗೆ ಬಂದಾಗ ನಾನು ಮೊದಲು ನೋಡುವುದು ಮಾತ್ರೆಯ ಹೆಸರನ್ನಲ್ಲ, ಅದರ ಪಕ್ಕದ ಗುರುತನ್ನು. 1-0-1 ಅಂದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮೂರು ಮನೆಗಳಲ್ಲಿ ಮಧ್ಯದ್ದು ಖಾಲಿ. ಒ.ಡಿ. ದಿನಕ್ಕೆ ಒಮ್ಮೆ, ಬಿ.ಡಿ. ಎರಡು ಸಲ, ಟಿ.ಡಿ.ಎಸ್. ಮೂರು ಸಲ. ಎಸ್.ಓ.ಎಸ್. ಅಂದರೆ ಬೇಕೆನಿಸಿದಾಗ ಮಾತ್ರ. ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟದ ನಂತರ, ಬಿ.ಬಿ.ಎಫ್. ತಿಂಡಿಗೆ ಮುಂಚೆ. (ಕಣ್ಣಿನ ಡಾಕ್ಟರ ಚೀಟಿಯಲ್ಲಿ ಮಾತ್ರ ಒ.ಡಿ. ಅಂದರೆ ಬಲಗಣ್ಣು. ಅಲ್ಲಿ ದಿನಕ್ಕೆ ಒಮ್ಮೆ ಅಂತ ಓದಿದರೆ ಕೆಟ್ಟಿತು.)

ಇಷ್ಟನ್ನು ಯಾರಾದರೂ ಬೇಗ ಕಲಿಯುತ್ತಾರೆ. ತೊಡಕಿರುವುದು ‘ಮುಂಚೆ’ ಎಂಬ ಮಾತಿನಲ್ಲಿ. ಥೈರಾಯ್ಡು, ಸಕ್ಕರೆ ಎರಡೂ ಇರುವ ಅರವತ್ತರ ಆಸುಪಾಸಿನ ಅಮ್ಮನೊಬ್ಬರ ಚೀಟಿ ಸಾಮಾನ್ಯವಾಗಿ ಹೀಗಿರುತ್ತದೆ: ಥೈರಾಯ್ಡಿಗೆ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ 1-0-0 ಖಾಲಿ ಹೊಟ್ಟೆ; ಪ್ಯಾಂಟೊಪ್ರಜೋಲ್ 40 ಒ.ಡಿ. ಎ.ಸಿ.; ಗ್ಲಿಮೆಪಿರೈಡ್ 1 ಮಿ.ಗ್ರಾಂ 1-0-0 ಬಿ.ಬಿ.ಎಫ್.; ಮೆಟ್‌ಫಾರ್ಮಿನ್ 500 ಎಸ್.ಆರ್. 1-0-1 ಪಿ.ಸಿ.; ಕ್ಯಾಲ್ಸಿಯಂ 500 ಒ.ಡಿ. ಪಿ.ಸಿ. ಮನೆಗೆ ಹೋದ ಮೇಲೆ ಐದನ್ನೂ ಅಂಗೈಯಲ್ಲಿ ಹಾಕಿಕೊಂಡು ಒಂದೇ ಗುಟುಕಿಗೆ ನುಂಗುವವರೇ ಹೆಚ್ಚು. ಎಲ್ಲವೂ ‘ಬೆಳಗ್ಗೆ’ ತಾನೇ!

ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ, “ಅಮ್ಮ, ಕಾಫಿ ಎಷ್ಟು ಹೊತ್ತಿಗೆ?” “ಎದ್ದ ಕೂಡಲೇ ಕುಡೀತೀನಿ, ಆದ್ರೆ ತಿಂಡಿ ತಿಂದಿರಲ್ಲ, ಹೊಟ್ಟೆ ಖಾಲಿನೇ” ಅನ್ನುತ್ತಾರೆ. ನಮ್ಮ ಕಡೆ ಕಾಫಿ, ಕಷಾಯ ಯಾವುದೂ ಆಹಾರದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಥೈರಾಯ್ಡ್ ಮಾತ್ರೆಯ ಲೆಕ್ಕವೇ ಬೇರೆ. ಕಾಫಿಯ ಜೊತೆ ಹೋದರೆ ಅದು ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಗೊತ್ತಾಗುವುದು ನಿಧಾನಕ್ಕೆ: ಮಾತ್ರೆ ಒಂದು ದಿನವೂ ತಪ್ಪಿಲ್ಲ, ಆದರೂ ಆರೆಂಟು ವಾರದ ನಂತರದ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿ.ಎಸ್.ಎಚ್. ಇಳಿದಿಲ್ಲ. ಕಾಫಿಯ ವಿಷಯ ಡಾಕ್ಟರಿಗೆ ಹೇಳದಿದ್ದರೆ ಅವರು ಡೋಸ್ ಏರಿಸುತ್ತಾರೆ, ಅಷ್ಟೇ.

ಅದಕ್ಕೆ ಅವರ ದಿನಚರಿಯ ಮೇಲೆಯೇ ಹೊತ್ತು ಕೂರಿಸುತ್ತೇನೆ. ಆರಕ್ಕೆ ಎದ್ದರೆ ಥೈರಾಯ್ಡ್ ಮಾತ್ರೆ, ಬರೀ ನೀರಿನಲ್ಲಿ. ಕಾಫಿ ಏಳಕ್ಕೆ. ಕಡುಬೋ ರೊಟ್ಟಿಯೋ ಎಂಟಕ್ಕೆ ಎಂದಾದರೆ ಪ್ಯಾಂಟೊಪ್ರಜೋಲ್ ಏಳೂವರೆಗೆ. ಊಟ ಬಿದ್ದಾಗ ಹೊಟ್ಟೆಯಲ್ಲಿ ಆಮ್ಲ ಸುರಿಸುವ ಪಂಪುಗಳು ಚುರುಕಾಗುತ್ತವೆ. ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಸಿದ್ಧವಾಗಿದ್ದರೆ ಅವನ್ನು ಹಿಡಿದು ನಿಲ್ಲಿಸುತ್ತದೆ. ಎದೆಯುರಿ ಬಂದ ಮೇಲೆ ನುಂಗಿ “ಕೂಡಲೇ ಕಮ್ಮಿಯಾಗ್ಲಿಲ್ಲ” ಅಂದರೆ ತಪ್ಪು ಮಾತ್ರೆಯದ್ದಲ್ಲ.

ಗ್ಲಿಮೆಪಿರೈಡ್ ಕೂಡ ‘ಮುಂಚೆ’ಯೇ, ಆದರೆ ಅರ್ಧ ಗಂಟೆ ಮುಂಚೆ ಅಲ್ಲ. ತಟ್ಟೆ ಮುಂದೆ ಬಂದಾಗ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ತಿಂಡಿ ತಡವಾದರೆ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಕಣ್ಣು ಮಂಜಾಗುವುದು ಅದರ ಗುರುತು. ಮೂರ್ನಾಲ್ಕು ಚಮಚ ಸಕ್ಕರೆ ಕದಡಿದ ನೀರು ಕೂಡಲೇ ಕೊಡಬೇಕು. ನಾನು ಹೆಚ್ಚು ಹೆದರುವುದು ಏಕಾದಶಿ, ಸಂಕಷ್ಟಿಯ ದಿನಗಳಿಗೆ. ಉಪವಾಸ ಮಾಡುವವರು ಆ ದಿನ ಇದನ್ನು ಏನು ಮಾಡಬೇಕೆಂದು ಮೊದಲೇ ಡಾಕ್ಟರ ಬಾಯಲ್ಲಿ ಕೇಳಿಟ್ಟುಕೊಳ್ಳಲಿ. “ದೇವ್ರಿಗೆ ಉಪವಾಸ, ಮಾತ್ರೆ ಮಾತ್ರ ತಪ್ಪಿಸ್ಲಿಲ್ಲ” ಅನ್ನುವ ಶಿಸ್ತು ಇಲ್ಲಿ ಅಪಾಯದ್ದು.

ಮೆಟ್‌ಫಾರ್ಮಿನ್ ತಿಂಡಿ ಮುಗಿದ ಮೇಲೆ, ರಾತ್ರಿ ಊಟದ ಮೇಲೆ. ಖಾಲಿ ಹೊಟ್ಟೆಗೆ ಹೋದರೆ ಹೊಟ್ಟೆ ತೊಳಸುತ್ತದೆ, ಭೇದಿಯೂ ಆಗಬಹುದು. ಎಸ್.ಆರ್. ಅಂದರೆ ನಿಧಾನಕ್ಕೆ ಬಿಡುವ ಮಾತ್ರೆ, ಜಗಿಯುವುದೂ ಪುಡಿ ಮಾಡುವುದೂ ಬೇಡ. ಕೆಲವು ಬ್ರ್ಯಾಂಡಿನದ್ದರ ಹೊರಕವಚ ಮಲದಲ್ಲಿ ಮಾತ್ರೆಯಂತೆಯೇ ಕಾಣುತ್ತದೆ. ಔಷಧಿ ಒಳಗೆ ಇಳಿದಿರುತ್ತದೆ, ಗಾಬರಿ ಬೇಡ.

ಉಳಿದದ್ದು ಕ್ಯಾಲ್ಸಿಯಂ. ಒ.ಡಿ. ಅಂತ ಬರೆದಿದ್ದಾರೆಯೇ ಹೊರತು ಹೊತ್ತು ಬರೆದಿಲ್ಲ. ಅದು ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುವುದರಿಂದ ನಡುವೆ ನಾಲ್ಕು ಗಂಟೆಯಾದರೂ ಬೇಕು. ಮಧ್ಯಾಹ್ನದ ಊಟವಾದ ಮೇಲೆ ಅಂದರೆ ಸಲೀಸು. ಕಬ್ಬಿಣದ ಮಾತ್ರೆಗೂ ಇದೇ ಅಂತರ.

ಹೊತ್ತು ಹೊಂದಿಸುವುದು ನನ್ನ ಕೆಲಸ, ಡೋಸ್ ಮುಟ್ಟುವುದಲ್ಲ. ಚೀಟಿಯ ಅಕ್ಷರ ಓದಲಾಗದಿದ್ದರೆ ಅಂದಾಜಿಗೆ ಕೊಡದೆ ಬರೆದ ಡಾಕ್ಟರಿಗೇ ಫೋನ್ ಮಾಡುತ್ತೇನೆ. ಆಮೇಲೆ ಪ್ರತಿ ಸ್ಟ್ರಿಪ್ಪಿನ ಮೇಲೆ ಮಾರ್ಕರಿನಲ್ಲಿ ‘6, ನೀರು’, ‘7:30’, ‘ತಟ್ಟೆ ಬಂದಾಗ’, ‘ತಿಂಡಿ ಮೇಲೆ, ರಾತ್ರಿ ಊಟದ ಮೇಲೆ’, ‘ಮಧ್ಯಾಹ್ನ ಊಟದ ಮೇಲೆ’ ಎಂದು ಬರೆಯುತ್ತೇನೆ. ಮಾತ್ರೆಯ ಹೆಸರು, ಎಕ್ಸ್‌ಪೈರಿ ಇರುವ ತುದಿಯನ್ನು ಕೊನೆಗೆ ಉಳಿಸಿ, ಇನ್ನೊಂದು ತುದಿಯಿಂದ ಒಡೆಯಲು ಹೇಳುತ್ತೇನೆ.