ನೂರು ಚೀಟಿ, ಒಂದು ಡಬ್ಬಿ: ನನ್ನ ಬಂಡವಾಳ ಮುಳುಗುವ ಸಾಧ್ಯತೆಯನ್ನು ಲೆಕ್ಕ ಹಾಕಿದ್ದು

ನಾನು ಹುಬ್ಬಳ್ಳಿಯವನು. ಹಾರ್ಡ್‌ವೇರ್ ಅಂಗಡಿ ಇದೆ, ಜೊತೆಗೆ ಶೇರುಗಳಲ್ಲಿ ಸ್ವಿಂಗ್ ಟ್ರೇಡ್ ಮಾಡುತ್ತೇನೆ. ಕೊಂಡ ಶೇರನ್ನು ನಾಲ್ಕು ದಿನ, ಹೆಚ್ಚೆಂದರೆ ಎರಡು ವಾರ ಇಟ್ಟುಕೊಳ್ಳುವ ರೂಢಿ. ಇದಕ್ಕೆ ಅಂತ 3 ಲಕ್ಷ ತೆಗೆದಿಟ್ಟಿದ್ದೆ. ಒಂದು ಟ್ರೇಡಿಗೆ 12,000ಕ್ಕಿಂತ ಜಾಸ್ತಿ ಹೋಗಬಾರದು, ಅಂದರೆ ಬಂಡವಾಳದ ಶೇ 4. ಬೆಲೆ ಬಿದ್ದರೆ ಮಾರಿ ಹೊರಬರುವ ರೇಟು ಸ್ಟಾಪ್‌ಲಾಸ್, ಏರಿದರೆ ಲಾಭ ತೆಗೆದುಕೊಳ್ಳುವ ರೇಟು ಟಾರ್ಗೆಟ್. ಸ್ಟಾಪ್‌ಲಾಸ್ ಎಷ್ಟು ದೂರವೋ ಟಾರ್ಗೆಟ್ ಅದರ ಎರಡರಷ್ಟು ದೂರ.

ನಮ್ಮ ಕಾಕಾ ಅಮರಗೋಳದ ಎಪಿಎಂಸಿಯಲ್ಲಿ ಹತ್ತಿಯ ದಲಾಲಿ ಅಂಗಡಿ ನಡೆಸಿದವರು. 2023ರ ದೀಪಾವಳಿಗೆ ಮನೆಗೆ ಬಂದಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ 100 ಟ್ರೇಡ್ ಆಗಿದ್ದವು, 40 ಗೆಲುವು, 60 ಸೋಲು. ಖುಷಿಯಿಂದ ತೋರಿಸಿದೆ. ಅವರು ಗೆದ್ದದ್ದನ್ನು ಕೇಳಲೇ ಇಲ್ಲ. "ಅಲ್ಲೋ ತಮ್ಮಾ, ಎಷ್ಟು ರೊಕ್ಕ ಹೋದ್ರ ನೀ ಅಂಗಡಿ ಮುಚ್ಚತಿ? ಮೊದ್ಲ ಅದನ್ನ ಹೇಳು" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಕೂತು ಯೋಚಿಸಿದೆ. 3 ಲಕ್ಷ ಪೂರ್ತಿ ಸೊನ್ನೆ ಆಗುವ ತನಕ ನಾನು ಕಾಯುವವನಲ್ಲ, ಮನೆಯಲ್ಲಿ ಬಿಡುವುದೂ ಇಲ್ಲ. 1,80,000ಕ್ಕೆ ಇಳಿದರೆ ನಿಲ್ಲಿಸಿಬಿಡುತ್ತೇನೆ. ಅಂದರೆ ಕಳೆದುಕೊಳ್ಳಲು ನನ್ನ ಹತ್ತಿರ ಇರುವುದು 1,20,000 ಮಾತ್ರ. ಒಂದು ಟ್ರೇಡಿಗೆ 12,000 ಅಂದರೆ ಅದು ಬರೀ 10 ಪಾಲು. ರಿಸ್ಕ್ ಆಫ್ ರೂಯಿನ್, ಅಂದರೆ ಬಂಡವಾಳ ಮುಳುಗುವ ಸಾಧ್ಯತೆಯ ಲೆಕ್ಕಕ್ಕೆ ಮೊದಲು ಬೇಕಾದದ್ದೇ ಈ ಪಾಲಿನ ಸಂಖ್ಯೆ. ಶೇ 4 ಅಂದಾಗ ಸಣ್ಣದಾಗಿ ಕಂಡದ್ದು ಹತ್ತು ಪಾಲು ಅಂದ ಕೂಡಲೇ ಬೇರೆ ಥರ ಕಂಡಿತು.

ಮೊದಲ ಲೆಕ್ಕವನ್ನು ಪ್ಲಾನಿನಲ್ಲಿ ಇದ್ದ ಹಾಗೆ ಹಾಕಿದೆ. ನೂರಕ್ಕೆ 40 ಗೆಲುವು, ಗೆದ್ದರೆ 2 ಪಾಲು ಬರುತ್ತದೆ, ಸೋತರೆ 1 ಪಾಲು ಹೋಗುತ್ತದೆ. ಇಲ್ಲಿ `x` ಅಂದರೆ, ಈಗ ಇರುವ ಜಾಗದಿಂದ ಯಾವತ್ತಾದರೂ ಒಂದು ಪಾಲು ಕೆಳಗೆ ಇಳಿಯುವ ಸಾಧ್ಯತೆ. ಹತ್ತು ಪಾಲು ಇಳಿಯಬೇಕಾದರೆ ಅದೇ ಹತ್ತು ಸಲ ಆಗಬೇಕು, ಹಾಗಾಗಿ ಹತ್ತು `x`ಗಳನ್ನು ಒಂದಕ್ಕೊಂದು ಗುಣಿಸಿದರೆ ಸಾಕು. ಗೆದ್ದರೆ ಎರಡು ಪಾಲು ಮೇಲೆ ಹೋಗಿರುತ್ತೇನೆ, ಅಲ್ಲಿಂದ ಮೂರು ಪಾಲು ಇಳಿಯಬೇಕು, ಅದಕ್ಕೇ ಕೆಳಗೆ `x^3`.

```
x = 0.4*x^3 + 0.6
x = 0.823
x^10 = 0.14
```

ನೂರಕ್ಕೆ 14. ಅಷ್ಟೇ ತಾನೇ ಅಂತ ಸಮಾಧಾನ ಆಯಿತು, ಆದರೆ ಆ ಲೆಕ್ಕದ ಪ್ರಕಾರ 100 ಟ್ರೇಡಿನಲ್ಲಿ ನನಗೆ 2,40,000 ಲಾಭ ಬರಬೇಕಿತ್ತು, ಖಾತೆಯಲ್ಲಿ ಬಂದದ್ದು 72,000. ಉಳಿದದ್ದು ಎಲ್ಲಿ ಹೋಯಿತು?

ಇದಕ್ಕೆ ನೋಟ್‌ಬುಕ್ ಬಿಟ್ಟು ಬ್ರೋಕರ್ ಕಳಿಸಿದ ಕಾಂಟ್ರ್ಯಾಕ್ಟ್ ನೋಟ್‌ಗಳನ್ನೇ ಹಿಡಿದುಕೊಂಡು ಕೂತೆ. ಒಂದೊಂದು ಟ್ರೇಡಿನಲ್ಲೂ ಬ್ರೋಕರೇಜ್, ಶೇರು ವ್ಯವಹಾರದ ತೆರಿಗೆಯಾದ ಎಸ್‌ಟಿಟಿ ಎಲ್ಲ ಕಳೆದು ಕೈಗೆ ಬಂದದ್ದನ್ನು, ಅಥವಾ ಕೈಯಿಂದ ಹೋದದ್ದನ್ನು, 12,000ದಿಂದ ಭಾಗಿಸಿ ಬರೆದೆ. ಆಗ ಗೊತ್ತಾಯಿತು. ನನ್ನ ಗೆಲುವಿನ ಸರಾಸರಿ 2 ಅಲ್ಲ, 1.8. ಟಾರ್ಗೆಟ್ ಹತ್ತಿರ ಬಂದಾಗ ಹೆದರಿ ಮೊದಲೇ ಮಾರಿದ್ದು ಎಷ್ಟೋ ಸಲ. ಸೋಲಿನ ಸರಾಸರಿ 1 ಅಲ್ಲ, 1.1. ಬೆಳಿಗ್ಗೆ ಶೇರು ಸ್ಟಾಪ್‌ಲಾಸ್‌ಗಿಂತ ಕೆಳಗೇ ಓಪನ್ ಆದಾಗ ಸಿಕ್ಕ ರೇಟಿಗೆ ಮಾರಬೇಕಾಗಿತ್ತು, ಮೇಲೆ ಖರ್ಚು ಬೇರೆ.

ಈ ಅಂಕಿಗೆ ಮೇಲಿನ ಸುಲಭದ ಸೂತ್ರ ನಡೆಯುವುದಿಲ್ಲ. ಎಕ್ಸೆಲ್‌ನಲ್ಲಿ `x`ನ ಜಾಗಕ್ಕೆ ಅಂತ A1 ಮನೆಯಲ್ಲಿ 0.9 ಹಾಕಿ, ಪಕ್ಕದ ಮನೆಯಲ್ಲಿ ಇದನ್ನು ಬರೆದೆ:

```
=(0.4*A1^1.8+0.6*A1^(-1.1)-1)*100000
```

ಇದು ಸೊನ್ನೆ ಆಗುವ A1 ಹುಡುಕಬೇಕು, Goal Seek ಹುಡುಕಿಕೊಡುತ್ತದೆ. ಎರಡು ಕಡೆ ಎಡವಿದೆ. ಒಂದು, A1 ಅನ್ನು 1 ಇಟ್ಟರೆ ಯಾವ ಅಂಕಿಗೂ ಉತ್ತರ ಸೊನ್ನೆಯೇ, ಅದು ಉಪಯೋಗಕ್ಕೆ ಬಾರದ ಉತ್ತರ. ಅದಕ್ಕೇ 0.9ರಿಂದ ಶುರು ಮಾಡಬೇಕು. ಇನ್ನೊಂದು, ಮೊದಲು ನಾನು ಕೊನೆಯ 100000 ಹಾಕಿರಲಿಲ್ಲ. ಆಗ ಎಕ್ಸೆಲ್ ಸೊನ್ನೆಗೆ ತುಸು ಹತ್ತಿರ ಬಂದ ಕೂಡಲೇ ಸಿಕ್ಕಿತು ಅಂತ ನಿಂತುಬಿಡುತ್ತಿತ್ತು, ಉತ್ತರ ತಪ್ಪಾಗುತ್ತಿತ್ತು. ಸರಿಯಾದ ಉತ್ತರ 0.9416ರ ಹತ್ತಿರ. ಅದನ್ನು ಹತ್ತು ಸಲ ಗುಣಿಸಿದರೆ 0.55.

ನೂರಕ್ಕೆ 14 ಅಂದುಕೊಂಡದ್ದು ನೂರಕ್ಕೆ 55. ಗೆಲುವಿನ ಪ್ರಮಾಣ ಅದೇ 40, ಪಾಲೂ ಅದೇ ಹತ್ತು. ಬದಲಾದದ್ದು 2 ಹೋಗಿ 1.8 ಆದದ್ದು, 1 ಹೋಗಿ 1.1 ಆದದ್ದು, ಅಷ್ಟೇ.

ನಂಬಿಕೆ ಬರಲಿಲ್ಲ. ಸೂತ್ರ ತಪ್ಪಿರಬಹುದು ಅನಿಸಿ 100 ಚೀಟಿ ಮಾಡಿದೆ. ಒಂದೊಂದರಲ್ಲಿ ಒಂದು ಟ್ರೇಡಿನ ನಿಜವಾದ ಫಲಿತಾಂಶ: 1.7, ‑1.05, 2.1, ‑1.6, ಹೀಗೆ. ಅವಲಕ್ಕಿಯ ಸ್ಟೀಲ್ ಡಬ್ಬಿ ಖಾಲಿ ಮಾಡಿ ಅದರಲ್ಲಿ ಹಾಕಿದೆವು. ಮಗಳು ಕಣ್ಣು ಮುಚ್ಚಿ ಒಂದು ತೆಗೆದು ಓದುವುದು, ನಾನು ಕೂಡಿಸುವುದು, ಅವಳು ಚೀಟಿ ವಾಪಸ್ ಹಾಕಿ ಡಬ್ಬಿ ಅಲ್ಲಾಡಿಸುವುದು. ಮೊತ್ತ ‑10 ಮುಟ್ಟಿದರೆ ಆ ಸುತ್ತು ಮುಳುಗಿದ ಹಾಗೆ, 200 ಚೀಟಿ ತನಕ ಮುಟ್ಟದಿದ್ದರೆ ಉಳಿದ ಹಾಗೆ. ಎರಡು ಸಂಜೆ ಕೂತು ಹತ್ತು ಸುತ್ತು ಮುಗಿಸಿದೆವು. ನಾಲ್ಕು ಮುಳುಗಿದವು. ಒಂದಂತೂ 23ನೇ ಚೀಟಿಗೇ ಮುಳುಗಿತು, ಸಾಲಾಗಿ ಎಂಟು ಸೋಲು ಬಂದು. ಸೂತ್ರ ಹೇಳುವುದು ಕೊನೆಯಿಲ್ಲದೆ ಆಡುತ್ತಾ ಹೋದರೆ ಏನಾಗುತ್ತದೆ ಅಂತ, ನಾವು 200ಕ್ಕೆ ನಿಲ್ಲಿಸಿದ್ದೆವು. ಹಾಗಾಗಿ ಸ್ವಲ್ಪ ಕಡಿಮೆ ಬರುವುದು ಸಹಜವೇ. ಅದೂ ಅಲ್ಲದೆ ಹತ್ತು ಸುತ್ತು ಬಹಳ ಕಡಿಮೆ. ಆದರೆ 14 ಅಂತೂ ಅಲ್ಲ ಅಂತ ಕಣ್ಣಿಗೆ ಕಂಡಿತು.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಹೆದರಿಸಿತು. 40ರ ಬದಲು 38 ಗೆದ್ದಿದ್ದರೆ? 38 ಗೆಲುವಿಗೆ 1.8ರಂತೆ 68.4 ಪಾಲು ಬಂತು, 62 ಸೋಲಿಗೆ 1.1ರಂತೆ 68.2 ಪಾಲು ಹೋಯಿತು. ಉಳಿದದ್ದು ಏನೂ ಇಲ್ಲ. ಲಾಭ ಸೊನ್ನೆಯ ಹತ್ತಿರ ಇದ್ದರೆ ಇವತ್ತಲ್ಲ ನಾಳೆ ಮುಳುಗುವುದು ಹೆಚ್ಚುಕಮ್ಮಿ ಖಚಿತ. ನೂರು ಟ್ರೇಡಿನಲ್ಲಿ ಬರೀ ಅದೃಷ್ಟದಿಂದಲೇ ಐದು ಆಚೆ ಈಚೆ ಆಗುವುದು ಮಾಮೂಲು. ಹಾಗಾದರೆ ನನ್ನ 40 ನಿಜಕ್ಕೂ 36 ಇರಬಹುದು, 44 ಇರಬಹುದು. ಅದನ್ನು ನಾನು ಸರಿ ಮಾಡಲು ಆಗುವುದಿಲ್ಲ. ಪಾಲಿನ ಸಂಖ್ಯೆ ಮಾತ್ರ ನನ್ನ ಕೈಯಲ್ಲಿದೆ.

ಟ್ರೇಡಿಗೆ 6,000 ಇಟ್ಟರೆ 20 ಪಾಲು, ಆಗ ಮುಳುಗುವ ಸಾಧ್ಯತೆ ನೂರಕ್ಕೆ 30. 3,000 ಇಟ್ಟರೆ 40 ಪಾಲು, ನೂರಕ್ಕೆ 9. ನೂರಕ್ಕೆ 10ರ ಒಳಗೆ ಇದ್ದರೆ ಮನೆಯಲ್ಲಿ ಧೈರ್ಯವಾಗಿ ಹೇಳಬಹುದು ಅನಿಸಿತು. 2024ರ ಜನವರಿಯಿಂದ 3,000ಕ್ಕೆ ಇಳಿದೆ. ಬರುವ ಲಾಭವೂ ಅಷ್ಟೇ ಸಣ್ಣದಾಯಿತು, ಮೊದಲ ಎರಡು ತಿಂಗಳು ಕೈ ಕಟ್ಟಿಹಾಕಿದ ಹಾಗೆ ಇತ್ತು.

ಆಮೇಲೆ 2024ರ ಜೂನ್ 4 ಬಂತು, ಲೋಕಸಭೆ ಚುನಾವಣೆಯ ಫಲಿತಾಂಶದ ದಿನ. ನಿಫ್ಟಿ ಒಂದೇ ದಿನ ಶೇ 6ರ ಹತ್ತಿರ ಬಿತ್ತು. ನನ್ನ ಹತ್ತಿರ ಮೂರು ಸರ್ಕಾರಿ ಬ್ಯಾಂಕಿನ ಶೇರು ಇದ್ದವು, ಮೂರೂ ಒಟ್ಟಿಗೆ ಬಿದ್ದವು. ಲುಕ್ಸಾನು 15,000, ಅಂದರೆ 5 ಪಾಲು. ಹಳೆಯ 12,000ದ ಲೆಕ್ಕದಲ್ಲಿ ಅದು 60,000 ಆಗುತ್ತಿತ್ತು, ನನ್ನ ಹತ್ತು ಪಾಲಿನಲ್ಲಿ ಅರ್ಧ ಒಂದೇ ದಿನಕ್ಕೆ ಹೋಗುತ್ತಿತ್ತು. ಸೂತ್ರವಾಗಲಿ ಡಬ್ಬಿಯಾಗಲಿ ಇದನ್ನು ಹೇಳಿರಲಿಲ್ಲ, ಯಾಕೆಂದರೆ ಎರಡೂ ಒಂದು ಟ್ರೇಡಿಗೂ ಇನ್ನೊಂದಕ್ಕೂ ಸಂಬಂಧ ಇಲ್ಲ ಅಂತ ನಂಬುತ್ತವೆ. ಮೂರು ಬ್ಯಾಂಕ್ ಶೇರು ಒಟ್ಟಿಗೆ ಇಟ್ಟುಕೊಂಡರೆ ಅದು ಮೂರು ಟ್ರೇಡ್ ಅಲ್ಲ, ಒಂದೇ ದೊಡ್ಡ ಟ್ರೇಡ್.

ಹಾಗಾಗಿ ಈಗ ಚೀಟಿ ಬರೆಯುವ ರೀತಿ ಬದಲಿಸಿದ್ದೇನೆ. ಒಂದೇ ಸಮಯಕ್ಕೆ, ಒಂದೇ ಥರದ ಶೇರುಗಳಲ್ಲಿ ಇದ್ದ ಟ್ರೇಡ್‌ಗಳನ್ನೆಲ್ಲ ಕೂಡಿಸಿ ಒಂದೇ ಚೀಟಿ. ಜೂನ್ 4ರದ್ದು ‑5 ಅಂತ ಒಂದೇ ಚೀಟಿಯಾಗಿ ಡಬ್ಬಿಯಲ್ಲಿದೆ, ಮಗಳು ಅದರ ಮೂಲೆಗೆ ಕೆಂಪು ಪೆನ್ನಿನಿಂದ ಗೆರೆ ಎಳೆದಿದ್ದಾಳೆ. ಹಳೆಯ ನೂರನ್ನೂ ಹೀಗೇ ಕೂಡಿಸಿ ಬರೆದ ಮೇಲೆ ಈಗ ಡಬ್ಬಿಯಲ್ಲಿ 131 ಇವೆ. 150 ಆದಾಗ ಮತ್ತೆ ಲೆಕ್ಕ ಹಾಕಬೇಕು. ಅಲ್ಲಿಯವರೆಗೆ 3,000ಕ್ಕಿಂತ ಒಂದು ರೂಪಾಯಿಯೂ ಮೇಲೆ ಹೋಗುವುದಿಲ್ಲ ಅಂತ ಕಾಕಾ ಮುಂದೆ ಹೇಳಿ ಬಂದಿದ್ದೇನೆ.