ಖಾಲಿ ಸಂಪರ್ಕವಿದ್ದರೂ ಕೊಡದಿರುವ ಲೆಕ್ಕ

ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತೇನೆ. ಕೊಯ್ಲಿನ ಕಾಲದಲ್ಲಿ ಸಕಲೇಶಪುರ, ಬೇಲೂರು ಕಡೆಯಿಂದ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಮೂಟೆಗಳು ಬಂದಿಳಿಯುತ್ತಿದ್ದರೆ ಈ ತಂತ್ರಾಂಶ ನಡುವೆ ನಿಂತುಬಿಡುತ್ತಿತ್ತು. ಸರ್ವರ್‌ಗೆ ಕೆಲಸವೇ ಇಲ್ಲ, ದೋಷದ ಸಂದೇಶವೂ ಇಲ್ಲ. ಡೇಟಾಬೇಸಿನ ಸಂಪರ್ಕಗಳ ಸ್ಥಿತಿ ತೋರಿಸುವ `pg_stat_activity` ತೆರೆದರೆ ಹತ್ತೂ ಸಂಪರ್ಕಗಳ ಮುಂದೆ `idle in transaction`, ಅಂದರೆ ವಹಿವಾಟು ತೆರೆದಿಟ್ಟು ಸುಮ್ಮನಿದೆ, ಎಂದಿರುತ್ತಿತ್ತು.

ನಮ್ಮ ಡೇಟಾಬೇಸ್ PostgreSQL ತನ್ನೊಳಗಿನ ಲಾಕ್‌ಗಳ ಡೆಡ್‌ಲಾಕನ್ನು, ಅಂದರೆ ಒಬ್ಬರಿಗಾಗಿ ಒಬ್ಬರು ಕಾದು ಯಾರೂ ಮುಂದೆ ಸಾಗದ ಸ್ಥಿತಿಯನ್ನು, ತಾನೇ ಪತ್ತೆಹಚ್ಚಿ ಒಂದು ವಹಿವಾಟನ್ನು ರದ್ದುಮಾಡುತ್ತದೆ. ಆದರೆ ನಮ್ಮ ಕೆಲಸಗಳು ಕಾಯುತ್ತಿದ್ದದ್ದು ಲಾಕ್‌ಗಾಗಿ ಅಲ್ಲ. ತೆರೆದ ಸಂಪರ್ಕಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡುವ ಪ್ರೋಗ್ರಾಮಿನ ಪೂಲ್‌ನಿಂದ ಇನ್ನೊಂದು ಸಂಪರ್ಕ ಸಿಗಲೆಂದು. ಆ ಸರದಿ ಡೇಟಾಬೇಸಿನ ಕಣ್ಣಿಗೆ ಬೀಳುವುದೇ ಇಲ್ಲ.

ಡೆಡ್‌ಲಾಕ್ ಆಗಬೇಕಾದರೆ ನಾಲ್ಕು ಷರತ್ತುಗಳು ಒಟ್ಟಿಗೆ ಕೂಡಿಬರಬೇಕು ಎಂದು ಕಾಫ್‌ಮನ್ ಮತ್ತು ಸಂಗಡಿಗರು 1971ರಲ್ಲಿ ಬರೆದರು. ಒಂದನ್ನು ಮುರಿದರೂ ಸಾಕು ಎಂದು ಒಂದೊಂದನ್ನೇ ಪರೀಕ್ಷಿಸಿದೆ. ಒಂದು ಸಂಪರ್ಕ ಒಂದು ಸಲಕ್ಕೆ ಒಬ್ಬರಿಗೇ ಎಂಬುದು ಮೊದಲನೆಯದು. ವಹಿವಾಟು ತೆರೆದಿರುವ ಸಂಪರ್ಕವನ್ನು ಹಂಚಿಕೊಳ್ಳುವಂತಿಲ್ಲ. ಕೈಯಲ್ಲಿರುವುದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯುವುದು ಎರಡನೆಯದು. ಬೇಕಾದದ್ದನ್ನೆಲ್ಲ ಆರಂಭದಲ್ಲೇ ಪಡೆದರೆ ಇದು ಮುರಿಯುತ್ತದೆ, ಆದರೆ ದಾಸ್ತಾನು ತಾಳೆಯ ಕೆಲಸ ಎಂಟು ಸಂಪರ್ಕಗಳನ್ನು ಸುಮ್ಮನೆ ಹಿಡಿದುಕೊಂಡು ಕೂರುತ್ತದೆ. ಬಲವಂತವಾಗಿ ಕಿತ್ತುಕೊಳ್ಳುವಂತಿಲ್ಲ ಎಂಬುದು ಮೂರನೆಯದು; ಕಿತ್ತುಕೊಂಡರೆ ಅರ್ಧ ಮುಗಿದ ತಾಳೆ ಹಿಂದಕ್ಕೆ ಹೋಗುತ್ತದೆ. ನಾಲ್ಕನೆಯದು, ಒಬ್ಬರಿಗಾಗಿ ಇನ್ನೊಬ್ಬರು ಸುತ್ತುಗಟ್ಟಿ ಕಾಯುವುದು. ಇದನ್ನು ತಪ್ಪಿಸಲು ಸಂಪನ್ಮೂಲಗಳಿಗೆ ಕ್ರಮಸಂಖ್ಯೆ ಕೊಟ್ಟು ಅದೇ ಕ್ರಮದಲ್ಲಿ ಕೇಳಬೇಕೆಂದು ಪುಸ್ತಕಗಳು ಹೇಳುತ್ತವೆ. ನನ್ನ ಹತ್ತೂ ಸಂಪರ್ಕಗಳು ಒಂದೇ ತರಹದವು. ಯಾವುದಾದರೂ ಒಂದು ಸಿಕ್ಕರೆ ಸಾಕು ಎನ್ನುವವರಿಗೆ ಯಾವ ಕ್ರಮ ಕೊಡುವುದು?

ಹೀಗಾಗಿ ಷರತ್ತುಗಳನ್ನು ಮುರಿಯುವುದನ್ನು ಬಿಟ್ಟು, ಡೈಕ್‌ಸ್ಟ್ರಾ 1960ರ ದಶಕದಲ್ಲಿ ರೂಪಿಸಿದ ಬ್ಯಾಂಕರ್ ಅಲ್ಗಾರಿದಮ್‌ಗೆ ಬಂದೆ. ಪ್ರತಿಯೊಂದು ಕೆಲಸವೂ ತನಗೆ ಗರಿಷ್ಠ ಎಷ್ಟು ಬೇಕಾಗಬಹುದೆಂದು ಮೊದಲೇ ಹೇಳಬೇಕು. ನಮ್ಮಲ್ಲಿ ಅದು ಸುಲಭ. ದಾಸ್ತಾನು ತಾಳೆಗೆ ಗೋದಾಮಿಗೊಂದರಂತೆ 8, ಗ್ರೇಡಿಂಗ್ ವರದಿಗೆ ದರ್ಜೆಗೊಂದರಂತೆ 6, ಬೆಳೆಗಾರರ ಬಿಲ್ಲಿಗೆ 3. ಕೇಳಿದಾಗ ಕೊಟ್ಟಂತೆ ಲೆಕ್ಕ ಹಾಕಿ, ಆಮೇಲೂ ಎಲ್ಲರೂ ಒಬ್ಬೊಬ್ಬರಾಗಿ ಮುಗಿಸಲು ದಾರಿ ಉಳಿಯುತ್ತದೆಯೇ ಎಂದು ನೋಡಬೇಕು. ಉಳಿದರೆ ಮಾತ್ರ ನಿಜವಾಗಿ ಕೊಡುವುದು.

```python
def safe(free, held, most):
    left = set(held)
    while left:
        ok = [j for j in left
              if most[j] - held[j] <= free]
        if not ok:
            return False
        free += held[ok[0]]
        left.remove(ok[0])
    return True
```

ಒಂದು ಹೊತ್ತಿನ ಸ್ಥಿತಿ ಹೀಗಿತ್ತೆನ್ನೋಣ: ತಾಳೆಯ ಕೈಯಲ್ಲಿ 4, ಗ್ರೇಡಿಂಗ್ ಬಳಿ 3, ಬಿಲ್ಲಿನ ಬಳಿ 1, ಖಾಲಿ 2. ಇನ್ನೂ ಬೇಕಾಗಬಹುದಾದದ್ದು ತಾಳೆಗೆ 4, ಗ್ರೇಡಿಂಗ್‌ಗೆ 3, ಬಿಲ್ಲಿಗೆ 2. ಖಾಲಿ ಇರುವ ಎರಡನ್ನೂ ಬಿಲ್ಲಿಗೆ ಕೊಟ್ಟರೆ ಅದು ಮುಗಿಸಿ ಮೂರನ್ನೂ ಹಿಂದಿರುಗಿಸುತ್ತದೆ. ಆ ಮೂರು ಗ್ರೇಡಿಂಗ್‌ಗೆ ಸಾಕು. ಅದೂ ಮುಗಿದರೆ 6 ಖಾಲಿ, ತಾಳೆಗೆ ಧಾರಾಳ. ಸ್ಥಿತಿ ಸುರಕ್ಷಿತ.

ಈಗ ತಾಳೆ ಇನ್ನೊಂದು ಕೇಳುತ್ತದೆ. ಕೊಟ್ಟೆವೆಂದುಕೊಂಡರೆ ಖಾಲಿ 1. ಬೇಕಾಗಬಹುದಾದದ್ದು 3, 3, 2. ಆ ಒಂದರಿಂದ ಯಾರೂ ಮುಗಿಸುತ್ತಾರೆಂಬ ಖಾತ್ರಿ ಇಲ್ಲ. ಎರಡು ಖಾಲಿ ಇದ್ದರೂ ತಾಳೆ ಕಾಯಬೇಕು. ಅದೇ ಹೊತ್ತಿಗೆ ಬಿಲ್ಲು ಒಂದು ಕೇಳಿದರೆ ತಕ್ಷಣ ಸಿಗುತ್ತದೆ, ಏಕೆಂದರೆ ಉಳಿದ ಒಂದರಿಂದಲೇ ಅದು ಮುಗಿಯುತ್ತದೆ. ಕಚೇರಿಯಲ್ಲಿ ಇದನ್ನು ವಿವರಿಸಿದಾಗ ಹಿರಿಯ ಗುಮಾಸ್ತರು, "ಇದ್ದರೂ ಇಲ್ಲ ಅನ್ನುವುದೇ ಹಾಗಾದರೆ?" ಎಂದು ನಕ್ಕರು. ಹೌದು, ಅಷ್ಟೇ.

ಅಸುರಕ್ಷಿತ ಸ್ಥಿತಿ ಎಂದರೆ ಡೆಡ್‌ಲಾಕ್ ಆಗಿಯೇ ಬಿಟ್ಟಿದೆ ಎಂದಲ್ಲ. ಆ ದಿನ ಕೆಲವು ದರ್ಜೆಗಳ ಕಾಫಿ ಬಂದಿರದಿದ್ದರೆ ಗ್ರೇಡಿಂಗ್‌ಗೆ ಆರೂ ಬೇಕಾಗುವುದಿಲ್ಲ, ಎಲ್ಲವೂ ಸುಸೂತ್ರವಾಗಿ ಮುಗಿದೀತು. ಅಲ್ಗಾರಿದಮ್ ಆ ಅದೃಷ್ಟವನ್ನು ನಂಬುವುದಿಲ್ಲ, ಹಾಗಾಗಿ ಕೆಲವೊಮ್ಮೆ ಅನಗತ್ಯವಾಗಿ ಕಾಯಿಸುತ್ತದೆ. ಆ ವೆಚ್ಚ ನನಗೆ ಒಪ್ಪಿಗೆ.

ಒಪ್ಪಿಗೆಯಾಗದ ಎರಡು ತೊಡಕುಗಳನ್ನು ಬೇರೆಯಾಗಿ ಸರಿಪಡಿಸಬೇಕಾಯಿತು. ಹೊಸ ಬಿಲ್ಲುಗಳು ಬರುತ್ತಲೇ ಇದ್ದರೆ ತಾಳೆಯ ಸರದಿ ಹಿಂದೆ ಸರಿಯುತ್ತಲೇ ಇರುತ್ತದೆ. ಆದ್ದರಿಂದ ತಾಳೆ ಹೆಚ್ಚು ಹೊತ್ತು ಕಾದಿದ್ದರೆ ಹೊಸ ಬಿಲ್ಲುಗಳನ್ನು ತಡೆಹಿಡಿಯುತ್ತೇನೆ. ಇನ್ನೊಂದು, ಜಾಲ ಕಡಿದು ಒಂದು ಸಂಪರ್ಕ ಸತ್ತರೆ ಹತ್ತು ಎಂಬ ಲೆಕ್ಕವೇ ಸುಳ್ಳಾಗಿ, ಸುರಕ್ಷಿತವೆಂದು ಕೊಟ್ಟದ್ದೂ ಸಿಕ್ಕಿಬೀಳುತ್ತದೆ. ಸತ್ತದ್ದರ ಜಾಗದಲ್ಲಿ ಹೊಸದನ್ನು ತೆರೆದು ಎಣಿಕೆ ಹತ್ತಕ್ಕೆ ಮರಳುವವರೆಗೆ ಪೂಲ್ ಈಗ ಯಾವ ಕೋರಿಕೆಯನ್ನೂ ಒಪ್ಪುವುದಿಲ್ಲ.