ಬ್ಯಾಂಕ್ ಖಾತೆಗೆ ಜಿಎಸ್‌ಟಿ ತಡೆ ಬಿತ್ತಾ? ಬಿಡಿಸಿಕೊಳ್ಳುವುದು ಹೀಗೆ

ಖಾತೆಗೆ ದುಡ್ಡು ಬರುತ್ತಿದೆ, ಆದರೆ ಹೊರಗೆ ಹೋಗುತ್ತಿಲ್ಲ. ಯುಪಿಐ ಫೇಲ್, ಕೊಟ್ಟ ಚೆಕ್ ವಾಪಸ್, ಸಾಲದ ಕಂತೂ ಕಟ್ ಆಗಿಲ್ಲ. ಬ್ಯಾಂಕಿನ ಆ್ಯಪ್ ತೆರೆದರೆ ಬ್ಯಾಲೆನ್ಸ್ ಒಂದು, ಬಳಸಬಹುದಾದ ಮೊತ್ತ ಇನ್ನೊಂದು. ನಡುವಿನ ವ್ಯತ್ಯಾಸದ ಎದುರು Lien ಅಥವಾ Hold ಎಂದು ಬರೆದಿದೆ. ಎಷ್ಟೋ ವ್ಯಾಪಾರಿಗಳಿಗೆ ತಮ್ಮ ಮೇಲೆ ತೆರಿಗೆ ಬಾಕಿ ಇದೆ ಎಂದು ಮೊದಲು ಗೊತ್ತಾಗುವುದೇ ಹೀಗೆ.

ಇಂಥ ಹೊತ್ತಿನಲ್ಲಿ ಎಲ್ಲರೂ ಮ್ಯಾನೇಜರ್ ಜೊತೆ ವಾದಕ್ಕೆ ಇಳಿಯುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ತೆರಿಗೆ ಅಧಿಕಾರಿಯ ನೋಟಿಸ್ ಪಾಲಿಸದಿದ್ದರೆ ಆ ಬಾಕಿಗೆ ಬ್ಯಾಂಕೇ ಹೊಣೆಯಾಗಬೇಕಾಗುತ್ತದೆ. ಹಾಗಾಗಿ ಮ್ಯಾನೇಜರ್ ತಾವಾಗಿಯೇ ತಡೆ ತೆಗೆಯಲಾರರು. ಅವರಿಂದ ನೀವು ಕೇಳಿ ಪಡೆಯಬೇಕಾದದ್ದು ಆ ನೋಟಿಸಿನ ಪ್ರತಿ. ಬಾಯಿಮಾತಲ್ಲಿ ಕೇಳುವ ಬದಲು ಒಂದು ಸಣ್ಣ ಅರ್ಜಿ ಬರೆದು ಕೊಡಿ, ಇನ್ನೊಂದು ಪ್ರತಿಗೆ ಶಾಖೆಯ ಮೊಹರು ಹಾಕಿಸಿಕೊಳ್ಳಿ.

ಕಾಗದದಲ್ಲಿ ಏನು ನೋಡಬೇಕು

ಮೊದಲು ಕಳಿಸಿದವರು ಯಾರು ಎಂದು ನೋಡಿ. ಜಿಎಸ್‌ಟಿ, ಆದಾಯ ತೆರಿಗೆ, ಪಿಎಫ್ ಇಲಾಖೆ, ನ್ಯಾಯಾಲಯ, ಸೈಬರ್ ಪೊಲೀಸರು, ಯಾರೂ ಇರಬಹುದು. ಪ್ರತಿಯೊಂದರ ದಾರಿಯೂ ಬೇರೆ. ಇಲ್ಲಿ ಜಿಎಸ್‌ಟಿ ವಿಚಾರವನ್ನಷ್ಟೇ ನೋಡೋಣ. ನಮ್ಮ ಪೇಟೆಯ ಸಣ್ಣ ವ್ಯಾಪಾರಿಗಳು ಸಿಕ್ಕಿಬೀಳುವುದು ಇದರಲ್ಲೇ.

ಜಿಎಸ್‌ಟಿ ಕಾಗದವಾದರೆ ಮೇಲ್ಗಡೆ ಫಾರಂ ಸಂಖ್ಯೆ ಇರುತ್ತದೆ. DRC-22 ಎಂದಿದ್ದರೆ ಅದು ತಾತ್ಕಾಲಿಕ ಜಪ್ತಿ. ನಿಮ್ಮ ಮೇಲಿನ ಪ್ರಕರಣ ಇನ್ನೂ ನಡೆಯುತ್ತಿದೆ, ಬಾಕಿ ತೀರ್ಮಾನ ಆಗಿಲ್ಲ ಎಂದರ್ಥ. ಅದಕ್ಕೆ DRC-22A ಫಾರಂನಲ್ಲಿ ಆಕ್ಷೇಪಣೆ ಹಾಕಬೇಕು. ಒಪ್ಪಿದರೆ DRC-23 ಆದೇಶದಿಂದ ಖಾತೆ ಬಿಡುಗಡೆಯಾಗುತ್ತದೆ. ಒಂದು ವರ್ಷ ಕಳೆದರೆ ಆ ಜಪ್ತಿ ತಾನಾಗಿಯೇ ಬಿದ್ದುಹೋಗುತ್ತದೆ.

DRC-13 ಎಂದಿದ್ದರೆ ಮಾತು ಬೇರೆ. ಆದೇಶ ಈಗಾಗಲೇ ಆಗಿದೆ, ಗಡುವೂ ಮುಗಿದಿದೆ, ಈಗ ವಸೂಲಿ ನಡೆಯುತ್ತಿದೆ. ಸುಮ್ನೆ ಕೂತರೆ ಬ್ಯಾಂಕು ಆ ಹಣವನ್ನು ಸರ್ಕಾರಕ್ಕೆ ಕಟ್ಟಿಬಿಡುತ್ತದೆ. ಒಮ್ಮೆ ಹೋದ ಹಣ ವಾಪಸ್ ಬರಬೇಕಾದರೆ ಮೇಲ್ಮನವಿ ಗೆದ್ದು ರೀಫಂಡ್ ಕೇಳಬೇಕು. ಅದಕ್ಕೇ ಅವಸರ.

ನೋಟಿಸಿನಲ್ಲಿ ಬಾಕಿ ಮೊತ್ತವೂ ಇರುತ್ತದೆ. ಬ್ಯಾಂಕು ತಡೆಯಬೇಕಾದದ್ದು ಅಷ್ಟನ್ನೇ. ಖಾತೆಯಲ್ಲಿ ಅದಕ್ಕಿಂತ ಜಾಸ್ತಿ ಹಣವಿದ್ದೂ ಇಡೀ ಖಾತೆಗೆ ತಡೆ ಹಾಕಿದ್ದರೆ, ನೋಟಿಸಿನ ಮೊತ್ತಕ್ಕೆ ಮಾತ್ರ ಲೀನ್ ಹಾಕಿ ಉಳಿದದ್ದನ್ನು ಬಿಡಿ ಎಂದು ಬರೆದುಕೊಡಿ. ಎರಡು ಬ್ಯಾಂಕಿಗೆ ಒಂದೇ ಬಾಕಿಯ ನೋಟಿಸ್ ಹೋಗಿ ಎರಡೂ ಕಡೆ ಪೂರ್ತಿ ಮೊತ್ತ ನಿಂತಿದ್ದರೆ, ಒಂದನ್ನು ಹಿಂಪಡೆಯುವಂತೆ ಅಧಿಕಾರಿಯನ್ನು ಕೇಳಬೇಕು.

ಆದೇಶ ಎಲ್ಲಿ ಅಡಗಿತ್ತು?

ನನಗೆ ಯಾವ ನೋಟಿಸೂ ಬಂದಿಲ್ಲ ಎನ್ನುವವರು ಬಹಳ. ಬಂದಿರುತ್ತದೆ, ಪೋರ್ಟಲ್‌ಗೆ. ಅಲ್ಲಿ ಹಾಕಿದರೂ ಕೊಟ್ಟಂತೆಯೇ ಎಂದು ಕಾನೂನು ಹೇಳುತ್ತದೆ. ನೋಂದಣಿಯಲ್ಲಿ ಹಳೆಯ ಅಕೌಂಟೆಂಟ್‌ರ ಇಮೇಲ್, ಮೊಬೈಲ್ ನಂಬರ್ ಇದ್ದರೆ ಎಚ್ಚರಿಕೆಯ ಸಂದೇಶವೂ ಅವರಿಗೇ ಹೋಗಿರುತ್ತದೆ. ಪೋರ್ಟಲ್‌ನಲ್ಲಿ ಎರಡು ಜಾಗ ನೋಡಬೇಕು:

```
Services > User Services > View Notices and Orders
Services > User Services > View Additional Notices/Orders
```

ಎಷ್ಟೋ ಜನ ಮೊದಲನೆಯದನ್ನು ನೋಡಿ ಏನಿಲ್ಲ ಎಂದು ಮುಚ್ಚಿಬಿಡುತ್ತಾರೆ. ಶೋಕಾಸ್ ನೋಟಿಸ್, ಆದೇಶ ಎರಡನೆಯದರಲ್ಲಿ ಕೂತಿರುತ್ತವೆ. ನಿಮಗೆ ಬೇಕಾದದ್ದು ಆದೇಶದ ಪೂರ್ತಿ ಪ್ರತಿ ಮತ್ತು ಅದರ ಸಾರಾಂಶವಾದ DRC-07. ಆದೇಶದ ಮೇಲಿನ ತಾರೀಖನ್ನು ದೊಡ್ಡದಾಗಿ ಬರೆದಿಟ್ಟುಕೊಳ್ಳಿ. ಇನ್ನು ಮುಂದಿನ ಲೆಕ್ಕವೆಲ್ಲ ಆ ತಾರೀಖಿನ ಮೇಲೆಯೇ.

ಒಂದು ಲೆಕ್ಕ

ಹುಬ್ಬಳ್ಳಿಯ ದುರ್ಗದಬೈಲ್ ಕಡೆಯ ಒಂದು ಪಾತ್ರೆ ಅಂಗಡಿ ಎಂದುಕೊಳ್ಳೋಣ. ಅಂಗಡಿಯವರು 2020ರಲ್ಲಿ ಗದಗಿನ ಸಗಟು ವ್ಯಾಪಾರಿಯಿಂದ ಮಾಲು ತಂದು, ತೆರಿಗೆ ಸಮೇತ ಬಿಲ್ ಕಟ್ಟಿದ್ದಾರೆ. ಆದರೆ ಆ ಸಗಟು ವ್ಯಾಪಾರಿ ತನ್ನ ರಿಟರ್ನ್‌ನಲ್ಲಿ ಈ ಬಿಲ್‌ಗಳನ್ನು ನೋಂದಣಿ ಇಲ್ಲದ ಗಿರಾಕಿಗೆ ಮಾರಿದ ಸಾಲಿನಲ್ಲಿ ತೋರಿಸಿಬಿಟ್ಟಿದ್ದಾರೆ. ಹಾಗಾಗಿ, ಖರೀದಿಯಲ್ಲಿ ಕಟ್ಟಿದ ತೆರಿಗೆಗೆ ಅಂಗಡಿಯವರು ಪಡೆದುಕೊಂಡಿದ್ದ 84,000 ರೂಪಾಯಿ ಕ್ರೆಡಿಟ್, ಮಾರಾಟಗಾರರ ರಿಟರ್ನ್‌ನಿಂದ ತಾನಾಗಿ ತುಂಬುವ ಅವರ GSTR-2A ಪಟ್ಟಿಯಲ್ಲಿ ಕಾಣಲೇ ಇಲ್ಲ. ಅದನ್ನು ಪ್ರಶ್ನಿಸಿ ಬಂದ ನೋಟಿಸಿಗೆ ಉತ್ತರವೂ ಹೋಗಲಿಲ್ಲ. 2025ರ ಫೆಬ್ರುವರಿ 18ರಂದು ಆದೇಶವಾಯಿತು. ತೆರಿಗೆ 84,000. ಶೇ 18ರಂತೆ ಬಡ್ಡಿ ಸುಮಾರು 65,000. ದಂಡ ಕೇಂದ್ರದ ಕಾಯ್ದೆಯಡಿ 10,000, ರಾಜ್ಯದ್ದರಲ್ಲಿ 10,000. ಒಟ್ಟು ಸುಮಾರು 1,69,000.

ಕಟ್ಟಲು ಮೂರು ತಿಂಗಳ ಅವಕಾಶ ಇತ್ತು. ಅದು ಮೇ 18ಕ್ಕೆ ಮುಗಿಯಿತು. ಜೂನ್ ಮೊದಲ ವಾರ ಬ್ಯಾಂಕಿಗೆ DRC-13 ಹೋಯಿತು. ಮೇಲ್ಮನವಿಗೂ ಮೂರೇ ತಿಂಗಳು. ಆದರೆ ತಡವಾದದ್ದಕ್ಕೆ ತಕ್ಕ ಕಾರಣ ಕೊಟ್ಟರೆ ಇನ್ನೊಂದು ತಿಂಗಳನ್ನು ಮೇಲ್ಮನವಿ ಅಧಿಕಾರಿ ಮನ್ನಿಸಬಹುದು. ಅಂದರೆ ಜೂನ್ 18ರ ತನಕ. ಖಾತೆ ನಿಂತ ದಿನ ಇವರ ಕೈಯಲ್ಲಿ ಉಳಿದದ್ದು ಹೆಚ್ಚೂ ಕಡಿಮೆ ಎರಡೇ ವಾರ. ಬ್ಯಾಂಕಿಗೆ ಓಡಾಡುತ್ತಲೇ ಆ ದಿನಗಳನ್ನು ಕಳೆದುಕೊಳ್ಳುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಈ ಅಂಗಡಿಯವರು ಮಾಡಬೇಕಾದದ್ದು ಪೋರ್ಟಲ್‌ನಲ್ಲಿ APL-01 ಮೇಲ್ಮನವಿ ಹಾಕುವುದು. ವಿವಾದದಲ್ಲಿರುವ ತೆರಿಗೆಯ ಶೇ 10ರಷ್ಟನ್ನು ಮುಂಗಡ ಕಟ್ಟಬೇಕು. ಬಡ್ಡಿ, ದಂಡ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಇಲ್ಲಿ ಕಟ್ಟಬೇಕಾದದ್ದು 8,400 ರೂಪಾಯಿ ಮಾತ್ರ. ಜಿಎಸ್‌ಟಿ ಕಾಯ್ದೆಯ 107(7)ನೇ ಕಲಮಿನ ಪ್ರಕಾರ, ಇಷ್ಟು ಕಟ್ಟಿದರೆ ಉಳಿದ ಮೊತ್ತದ ವಸೂಲಿಗೆ ತಡೆ ಬಂದಂತೆಯೇ. ಬೇರೆ ತಡೆಯಾಜ್ಞೆ ಬೇಕಿಲ್ಲ.

ವಾದಕ್ಕೂ ಗಟ್ಟಿ ಆಧಾರ ಇದೆ. ಇಂಥ ತಪ್ಪಿಗೆಂದೇ 2023ರಲ್ಲಿ ಬಂದ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯ 193ನೇ ಸುತ್ತೋಲೆ, ಒಬ್ಬ ಮಾರಾಟಗಾರನ ಲೆಕ್ಕದ ವ್ಯತ್ಯಾಸ ವರ್ಷಕ್ಕೆ 5 ಲಕ್ಷದೊಳಗಿದ್ದರೆ, ತೆರಿಗೆ ಕಟ್ಟಿದ್ದೇನೆ ಎಂಬ ಆತನ ಪ್ರಮಾಣಪತ್ರವೇ ಸಾಕು ಎನ್ನುತ್ತದೆ. ಗದಗಿಗೆ ಹೋಗಿ ಅದನ್ನು ತರಬೇಕು. ಆದರೆ ಒಂದು ಮಿತಿ ಇದೆ. 2020ರ ಬಿಲ್‌ಗಳಿಗೆ, 2Aಯಲ್ಲಿ ಕಂಡ ಅರ್ಹ ಕ್ರೆಡಿಟ್‌ನ ಶೇ 10ರಷ್ಟಕ್ಕೆ ಮಾತ್ರ ಈ ಸೌಲಭ್ಯ. ಕಂಡ ಕ್ರೆಡಿಟ್ 9 ಲಕ್ಷ ಇದ್ದರೆ 84,000 ಒಳಗೇ ಬರುತ್ತದೆ. 5 ಲಕ್ಷವಷ್ಟೇ ಇದ್ದರೆ ಉಳಿಯುವುದು 50,000.

ತಡೆ ತೆಗೆಸುವುದು

ಮೇಲ್ಮನವಿ ಹಾಕಿದ ಮಾತ್ರಕ್ಕೆ ಬ್ಯಾಂಕಿಗೆ ತಿಳಿಯುವುದಿಲ್ಲ. ಅರ್ಜಿಯ ಸ್ವೀಕೃತಿ, 8,400 ಕಟ್ಟಿದ ದಾಖಲೆ ಎರಡನ್ನೂ ಲಗತ್ತಿಸಿ, DRC-13 ಕಳಿಸಿದ ಅಧಿಕಾರಿಗೆ ನೋಟಿಸ್ ಹಿಂಪಡೆಯಿರಿ ಎಂದು ಬರೆಯಬೇಕು. ಆ ಅಧಿಕಾರ ಅವರಿಗೆ 79ನೇ ಕಲಮಿನಲ್ಲೇ ಇದೆ. ಅವರು ರಾಜ್ಯದ ಸ್ಥಳೀಯ ಜಿಎಸ್‌ಟಿ ಕಚೇರಿ, ಅಂದರೆ ಎಲ್‌ಜಿಎಸ್‌ಟಿಒದವರೋ, ಕೇಂದ್ರ ಜಿಎಸ್‌ಟಿಯವರೋ ಎಂಬುದನ್ನು ನೋಟಿಸಿನ ಸಹಿಯ ಕೆಳಗೆ ನೋಡಿಕೊಳ್ಳಿ. ಅದೇ ದಿನ ಬ್ಯಾಂಕಿಗೂ ಒಂದು ಪ್ರತಿ ಕೊಟ್ಟು, ವಸೂಲಿಗೆ ಕಾನೂನಿನ ತಡೆ ಇದೆ, ಹಣ ಕಳಿಸಬೇಡಿ ಎಂದು ತಿಳಿಸಿ. ಬಿಡುಗಡೆ ಪತ್ರ ಬಂದ ಮೇಲೆ ಆ್ಯಪ್‌ನಲ್ಲಿ ಲೀನ್ ಸೊನ್ನೆ ಆಗಿದೆಯಾ ನೋಡಿ. ಪತ್ರ ಶಾಖೆಯ ಫೈಲಿನಲ್ಲೇ ಉಳಿದು ಖಾತೆ ಹಾಗೇ ನಿಂತಿರುವುದೂ ಉಂಟು.

ಜೂನ್ 18 ದಾಟಿಹೋಗಿದ್ದರೆ? ಆಮೇಲೆ ಮೇಲ್ಮನವಿ ಅಧಿಕಾರಿಗೆ ಮನ್ನಿಸುವ ಅಧಿಕಾರ ಇಲ್ಲ. ಉಳಿಯುವುದು ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ. ಇಲ್ಲವೇ DRC-20 ಹಾಕಿ ಕಂತು ಕೇಳುವುದು. ವಸೂಲಿ ಶುರುವಾದ ಮೇಲೆ ಇದನ್ನು ನಿರಾಕರಿಸಲೂಬಹುದು. ಒಪ್ಪಿದರೆ 24 ತಿಂಗಳ ತನಕ ಕಂತು ಸಿಗಬಹುದು. ಈ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 7,000, ಮೇಲೆ ಬಡ್ಡಿ. ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಮ್ಮೆಗೇ ಕಟ್ಟಬೇಕು. ಕಂತಿನ ಆದೇಶ DRC-21 ಕೈಗೆ ಬಂದ ಮೇಲೆ, ಅದನ್ನೇ ತೋರಿಸಿ ಖಾತೆಯ ತಡೆ ತೆಗೆಯಲು ಅದೇ ಅಧಿಕಾರಿಗೆ ಅರ್ಜಿ ಕೊಡಬೇಕು.